ಬಾಕಿ ಬಿಲ್ ಕಳಿಸಿ ಸರ್, ಅರ್ಜೆಂಟ್!

ಜೂನ್ 16, ಸೋಮವಾರ. ಆಫೀಸಿಗೆ ಬಂದು ಬ್ಯಾಗ್ ಇಡ್ತಿದ್ದ ಹಾಗೇ ದಾವಣಗೆರೆಯಿಂದ ಫೋನ್. ನಮ್ಮ ಹಳೇ ಗಿರಾಕಿ. “ಮೇಡಂ, ನಿಮ್ಮ ಮೇ ತಿಂಗಳ ಬಿಲ್ಲು ನಮ್ಮ 2ಬಿಯಲ್ಲಿ ಕಾಣ್ತಾನೇ ಇಲ್ಲ. ಅದು ಬರೋವರೆಗೂ ಟ್ಯಾಕ್ಸ್ ದುಡ್ಡು ಹಿಡ್ಕೊಳ್ತೀವಿ” ಅಂದರು. ಬಿಲ್ಲಿನ ಮೊತ್ತ 1,20,000 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 21,600. ಆ 21,600 ನಿಂತುಹೋಯಿತು.

ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ. ಮೋಟಾರ್ ಬಿಡಿಭಾಗ ಮಾರುತ್ತೇವೆ. ಹುಬ್ಬಳ್ಳಿಯಲ್ಲಿ ಒಂದು ಡಿಪೋ ಇದೆ, ಅಲ್ಲಿನ ಬಿಲ್ಲುಗಳ ಪಟ್ಟಿ ತಿಂಗಳ ಕೊನೆಗೆ ನನಗೆ ಬರುತ್ತದೆ. ಇ-ಇನ್‌ವಾಯ್ಸ್ ಕಡ್ಡಾಯ ಆಗುವಷ್ಟು ದೊಡ್ಡ ವ್ಯವಹಾರ ನಮ್ಮದಲ್ಲ. ಹಾಗಾಗಿ ಬಿಲ್ಲುಗಳು ತಾವಾಗಿಯೇ ಪೋರ್ಟಲ್‌ಗೆ ಹೋಗುವುದಿಲ್ಲ, ನಾವೇ ತುಂಬಬೇಕು. ಮಾರಾಟದ ರಿಟರ್ನ್, ಅಂದರೆ ಜಿಎಸ್‌ಟಿಆರ್-1, ಮುಂದಿನ ತಿಂಗಳ 11ರೊಳಗೆ ಹೋಗಬೇಕು. ಅದರಲ್ಲಿ ನಾವು ತೋರಿಸಿದ ಬಿಲ್ಲುಗಳು 14ಕ್ಕೆ ಗಿರಾಕಿಯ 2ಬಿಯಲ್ಲಿ ಕಾಣುತ್ತವೆ. ಅಲ್ಲಿ ಕಂಡರೆ ಮಾತ್ರ ಅವರು ನಮಗೆ ಕೊಟ್ಟ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಕಳೆದುಕೊಳ್ಳಬಹುದು.

ದಾವಣಗೆರೆಯವರ ಬಿಲ್ಲು ಯಾಕೆ ಕಾಣಲಿಲ್ಲ? ಯಾಕೆಂದರೆ ಅದನ್ನು ‘ರದ್ದಾಗಿದೆ’ ಅಂತ ನಾನೇ ಬರೆದಿದ್ದೆ.

ಆಗಿದ್ದು ಹೀಗೆ. ಹುಬ್ಬಳ್ಳಿಯ ಪಟ್ಟಿಯಲ್ಲಿ 416 ಆದಮೇಲೆ ನೇರ 421 ಇತ್ತು. ನಡುವಿನ ನಾಲ್ಕು ನಂಬರ್ ನಾಪತ್ತೆ. ರಿಟರ್ನ್‌ನ 13ನೇ ಟೇಬಲ್‌ನಲ್ಲಿ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಬಿಲ್ ಹಾಕಿದ್ದೀರಿ, ಅದರಲ್ಲಿ ಎಷ್ಟು ರದ್ದಾಗಿವೆ ಅಂತ ಕೇಳುತ್ತಾರೆ. ಸುಮ್ಮನೆ ನಂಬರ್ ಹಾರಿಸುವ ಹಾಗಿಲ್ಲ. 9ನೇ ತಾರೀಖು ರಾತ್ರಿ ಡಿಪೋದ ಸ್ಟೋರ್ಸ್ ನೋಡಿಕೊಳ್ಳುವ ಸರ್‌ಗೆ ವಾಟ್ಸ್ಆ್ಯಪ್ ಮಾಡಿದೆ: “ಸರ್, ಹೋದ ತಿಂಗಳ ಬಾಕಿ ಬಿಲ್ ಡೀಟೇಲ್ಸ್ ಕಳಿಸಿ ಪ್ಲೀಸ್, ಅರ್ಜೆಂಟ್!”

ಮಾರನೇ ದಿನವೇ ಪಟ್ಟಿ ಬಂತು. ನಾನು ಅದನ್ನು ತೆರೆದಿದ್ದು 11ಕ್ಕೆ, ಮಧ್ಯಾಹ್ನ ಊಟ ಆದಮೇಲೆ. ನೋಡಿದರೆ, ಯಾರ್‍ಯಾರು ದುಡ್ಡು ಕೊಡಬೇಕು ಅನ್ನುವ ಪಟ್ಟಿ! ನಾನು ‘ಬಾಕಿ’ ಅಂದಿದ್ದು ಉಳಿದುಹೋದ ಬಿಲ್ಲಿಗೆ. ಅವರಿಗೆ ಅರ್ಥ ಆಗಿದ್ದು ಬಾಕಿ ದುಡ್ಡು. ಫೋನ್ ಮಾಡಿದೆ, ಲಾರಿ ಲೋಡ್ ಮಾಡಿಸುತ್ತಿದ್ದರು ಅನಿಸುತ್ತೆ, ಎತ್ತಲಿಲ್ಲ. ಟೈಮ್ ಇರಲಿಲ್ಲ. ನಾಲ್ಕೂ ರದ್ದಾಗಿರಬೇಕು ಅಂದ್ಕೊಂಡು ಫೈಲ್ ಮಾಡಿಬಿಟ್ಟೆ.

ಇನ್ನೂ ನಾಚಿಕೆಯ ವಿಷಯ ಹೇಳ್ತೀನಿ. 16ರ ಫೋನ್ ಆದಮೇಲೆ ಬಾಸ್ ಮುಂದೆ ನಾನು ಹೇಳಿದ್ದು, “ಹುಬ್ಬಳ್ಳಿಯಿಂದ ಡೇಟಾ ಕಳಿಸಿರಲಿಲ್ಲ ಸರ್” ಅಂತ. ಬಾಸ್ ಅಲ್ಲಿಗೆ ಫೋನ್ ಮಾಡಿ ಜೋರು ಮಾಡಿದರು. ಸಂಜೆ ಸ್ಟೋರ್ಸ್ ಸರ್ ನನಗೆ ಫೋನ್ ಮಾಡಿದರು. ಬೈಯಲಿಲ್ಲ. “ಮೇಡಂ, ಯಾವ್ ಬಿಲ್ ಅಂತ ನೀವು ನಂಬರ್ ಹೇಳಿಲ್ರಿ. ಕೇಳಿದ್ದು ಮರುದಿನಾನ ಕಳಿಸೀನ್ರಿ. ಆ ಎರಡು ದಿನ ಕಂಪ್ಯೂಟರ್ ಕೆಟ್ಟಿತ್ತು, ಬಿಲ್ ಕೈಲೆ ಬರದೀವ್ರಿ. ಒಂದು ಮಾತು ಕೇಳಿದ್ರ ಹೇಳ್ತಿದ್ನಲ್ರಿ” ಅಂದರು.

419 ಒಂದೇ ರದ್ದಾಗಿತ್ತು. ಉಳಿದ ಮೂರೂ ನಿಜವಾದ ಬಿಲ್ಲುಗಳು. ಆ ತಿಂಗಳ 3ಬಿ ಇನ್ನೂ ಹೋಗಿರಲಿಲ್ಲ, ಅದಕ್ಕೆ 20ರವರೆಗೆ ಟೈಮ್ ಇತ್ತು. ಹಾಗಾಗಿ ಜಿಎಸ್‌ಟಿಆರ್-1ಎ ಮೂಲಕ ಬಿಟ್ಟುಹೋದ ಬಿಲ್ಲುಗಳನ್ನು ಸೇರಿಸಿ ನಮ್ಮ ತೆರಿಗೆ ಸರಿಯಾಗಿ ಕಟ್ಟಿದೆವು. ಆದರೆ ಹೀಗೆ ಸೇರಿಸಿದ್ದು ಗಿರಾಕಿಗೆ ಕಾಣುವುದು ಮುಂದಿನ ತಿಂಗಳ 2ಬಿಯಲ್ಲೇ. ದಾವಣಗೆರೆಯವರು ಒಂದು ತಿಂಗಳು ದುಡ್ಡು ಕೊಡಲಿಲ್ಲ. ಅವರದ್ದೇನೂ ತಪ್ಪಿಲ್ಲ.

ಜುಲೈ ಬಂತು. ಜೂನ್ ಪಟ್ಟಿಯಲ್ಲಿ ಮತ್ತೆ 446, 447 ಇಲ್ಲ. ಈ ಸಲ 3ನೇ ತಾರೀಖೇ ಕೂತು, ಒಂದು ಮೇಲ್ ಬರೆದೆ. ಇದ್ದ ಹಾಗೇ ಇಲ್ಲಿ ಹಾಕ್ತೀನಿ:

“ನಮಸ್ಕಾರ ಸರ್. ಜೂನ್ ತಿಂಗಳ ಪಟ್ಟಿಯಲ್ಲಿ 446 ಮತ್ತು 447ನೇ ನಂಬರಿನ ಬಿಲ್ಲುಗಳು ಇಲ್ಲ. ಈ ಎರಡರ ವಿವರ ಬೇಕಿತ್ತು. ಇವು ಜೂನ್ ಜಿಎಸ್‌ಟಿ ರಿಟರ್ನ್‌ಗೆ. ಅದರಲ್ಲಿ ಬಿಟ್ಟುಹೋದರೆ ಗಿರಾಕಿಗೆ ತೆರಿಗೆಯ ಲಾಭ ಸಿಗುವುದಿಲ್ಲ, ಅವರು ನಮ್ಮ ದುಡ್ಡು ಹಿಡಿಯುತ್ತಾರೆ. ಇದರ ಜೊತೆ ಎಕ್ಸೆಲ್ ಶೀಟ್ ಇಟ್ಟಿದ್ದೇನೆ, 445ರ ವಿವರ ಮಾದರಿಗಾಗಿ ತುಂಬಿದ್ದೇನೆ, ಕೆಳಗಿನ ಎರಡು ಸಾಲು ಮಾತ್ರ ತುಂಬಿದರೆ ಸಾಕು. ಕೈಬರಹದ ಬಿಲ್ ಆಗಿದ್ದರೆ ಅದರ ಫೋಟೋ ಕೂಡ ಕಳಿಸಿ, ನಾನು ತಾಳೆ ನೋಡುತ್ತೇನೆ. ಬಿಲ್ ರದ್ದಾಗಿದ್ದರೆ ಅಥವಾ ಆ ನಂಬರ್ ಬಳಸಿಯೇ ಇಲ್ಲದಿದ್ದರೆ ಕೊನೇ ಕಾಲಂನಲ್ಲಿ ಹಾಗಂತ ಬರೆದರೆ ಸಾಕು. 7ನೇ ತಾರೀಖು ಸೋಮವಾರ ಸಂಜೆ 4ರೊಳಗೆ ಸಿಕ್ಕರೆ ಅನುಕೂಲ. ರಿಟರ್ನ್‌ಗೆ ಕೊನೇ ದಿನ 11. 8ಕ್ಕೆ ನಾನು ತಾಳೆ ಹಾಕಿ, 9ಕ್ಕೆ ಟ್ಯಾಕ್ಸ್ ಕನ್ಸಲ್ಟೆಂಟ್‌ಗೆ ಕೊಡಬೇಕು. ಆ ದಿನ ಆಗದಿದ್ದರೆ ಯಾವಾಗ ಆಗುತ್ತದೆ ತಿಳಿಸಿ, ಅಥವಾ ಯಾರನ್ನು ಕೇಳಲಿ ಹೇಳಿ.”

ಉದ್ದ ಆಯಿತು ಅನಿಸಬಹುದು. ಆದರೆ ಇದನ್ನು ಓದಿದವರು ತಿರುಗಿ ನನ್ನನ್ನು ಏನೂ ಕೇಳಬೇಕಾಗಿಲ್ಲ. ಜೂನ್‌ನ ನನ್ನ ಒಂದು ಸಾಲಿನ ಮೆಸೇಜ್ ಚಿಕ್ಕದಾಗಿತ್ತು, ಅದರಿಂದ ಹೋಗಿದ್ದು ಒಂದು ತಿಂಗಳು.

ಎಕ್ಸೆಲ್ ಯಾಕೆ, ಬರೀ ಫೋಟೋ ಸಾಲದೇ ಅಂತ ಕೇಳಬಹುದು. ಜಿಎಸ್‌ಟಿ ನಂಬರ್‌ನಲ್ಲಿ 15 ಅಕ್ಷರ, ಅಂಕಿಗಳಿರುತ್ತವೆ. ಮಸುಕು ಫೋಟೋದಲ್ಲಿ 8 ಯಾವುದು, `B` ಯಾವುದು ಗೊತ್ತಾಗುವುದಿಲ್ಲ. ಅದರ ಕೊನೇ ಅಕ್ಷರ ಉಳಿದ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವಂಥದ್ದು, ಹಾಗಾಗಿ ತಪ್ಪಿದರೆ ಸಾಮಾನ್ಯವಾಗಿ ಪೋರ್ಟಲ್ಲೇ ಹಿಡಿಯುತ್ತದೆ. ಆದರೆ 1,20,000ವನ್ನು 1,02,000 ಅಂತ ಓದಿಕೊಂಡರೆ ಪೋರ್ಟಲ್ ತುಟಿ ಬಿಚ್ಚುವುದಿಲ್ಲ. ಬಿಲ್ ಬರೆದವರೇ ಟೈಪ್ ಮಾಡಿದರೆ ಅವರ ಅಕ್ಷರ ಅವರಿಗೆ ಗೊತ್ತು. ಫೋಟೋ ಜೊತೆಗಿದ್ದರೆ ನನಗೂ ಧೈರ್ಯ.

ಇನ್ನೊಂದು, ದಿನಾಂಕ. 05/06 ಅಂತ ಹೊಡೆದರೆ ಒಂದು ಕಂಪ್ಯೂಟರ್‌ನಲ್ಲಿ ಜೂನ್ 5, ಇನ್ನೊಂದರಲ್ಲಿ ಮೇ 6. ಅದಕ್ಕೇ ಮಾದರಿ ಸಾಲಿನಲ್ಲಿ `05-Jun-2025` ಅಂತ ತಿಂಗಳ ಹೆಸರು ಹಾಕಿದ್ದೆ. ಹೀಗೇ ಬರೆಯಿರಿ ಅಂತ ನಾಲ್ಕು ಸಾಲು ವಿವರಿಸುವುದಕ್ಕಿಂತ ತುಂಬಿದ ಒಂದು ಸಾಲು ತೋರಿಸಿದರೆ ಎದುರಿನವರು ಹಾಗೇ ತುಂಬುತ್ತಾರೆ.

ಗಡುವಿನ ವಿಷಯದಲ್ಲಿ ನನಗೊಂದು ಕೆಟ್ಟ ಅಭ್ಯಾಸ ಇತ್ತು. ಬೇಗ ಕೊಡಲಿ ಅಂತ ಕೊನೇ ದಿನವನ್ನೇ ಸುಳ್ಳು ಹೇಳುತ್ತಿದ್ದೆ. ಎರಡು ಸಲ ಆದಮೇಲೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ, ಮೂರನೇ ಸಲ ನಿಜ ಹೇಳಿದರೂ ಯಾರೂ ನಂಬಲ್ಲ. ಈಗ ಎರಡೂ ತಾರೀಖು ಹೇಳುತ್ತೇನೆ: ನನಗೆ ಬೇಕಾದ ದಿನ ಇದು, ಸರ್ಕಾರದ ಕೊನೇ ದಿನ ಅದು, ನಡುವಿನ ದಿನಗಳಲ್ಲಿ ನಾನು ಮಾಡುವ ಕೆಲಸ ಇಂಥದ್ದು. ‘ಅರ್ಜೆಂಟ್’ ಅನ್ನುವ ಪದ ಆ ಮೇಲ್‌ನಲ್ಲಿ ಎಲ್ಲೂ ಇಲ್ಲ, ಗಮನಿಸಿ.

ಆದರೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಬೇರೆ ಎರಡು ವಾಕ್ಯ. ಒಂದು, ರದ್ದಾಗಿದ್ದರೆ ಹಾಗಂತ ಬರೆಯಿರಿ ಅನ್ನುವುದು. ಏನಾದರೂ ಕಳಿಸಿ ಅಂತ ಕೇಳಿದಾಗ, ಕಳಿಸಲು ಏನೂ ಇಲ್ಲದವರು ಸುಮ್ಮನಾಗುತ್ತಾರೆ. ಆ ಮೌನ ಮರೆತಿದ್ದಕ್ಕೋ, ಇಲ್ಲದಿದ್ದಕ್ಕೋ ನಮಗೆ ತಿಳಿಯುವುದಿಲ್ಲ. ಜೂನ್‌ನಲ್ಲಿ ಉತ್ತರ ಇಲ್ಲದ ಜಾಗವನ್ನು ನಾನೇ ಊಹೆಯಿಂದ ತುಂಬಿದ್ದೆ. ‘ಇಲ್ಲ’ ಅನ್ನುವುದಕ್ಕೂ ಒಂದು ಕಾಲಂ ಇಟ್ಟರೆ ಊಹೆ ಮಾಡುವ ಕೆಲಸ ಇರುವುದಿಲ್ಲ.

ಇನ್ನೊಂದು, ಯಾಕೆ ಬೇಕು ಅನ್ನುವುದು. ‘ಆಡಿಟ್‌ಗೆ ಬೇಕು’, ‘ಮೇಲಿನವರು ಕೇಳಿದಾರೆ’ ಅಂತ ಬರೆದರೆ ಅದು ಕಾರಣ ಹೇಳಿದಂತಲ್ಲ, ಬರೀ ಒತ್ತಡ ಹಾಕಿದಂತೆ. ಆ ಡೇಟಾ ಎಲ್ಲಿಗೆ ಹೋಗಿ ಏನಾಗುತ್ತೆ ಅಂತ ಹೇಳಿದರೆ ಅವರ ತಲೆಯೂ ನಮ್ಮ ಜೊತೆ ಓಡುತ್ತದೆ. 5ನೇ ತಾರೀಖು ಶನಿವಾರವೇ ಶೀಟ್ ತುಂಬಿ ಬಂತು. 446ರ ವಿವರ ಪೂರ್ತಿ ಇತ್ತು, 447ರ ಮುಂದೆ ‘ರದ್ದು’ ಅಂತಿತ್ತು. ಕೆಳಗೆ ಒಂದು ಸಾಲು: “ಮೇಡಂ, 431ರಾಗ 40,000ದ ಮಾಲು ವಾಪಸ್ ಬಂದೈತ್ರಿ. ಕ್ರೆಡಿಟ್ ನೋಟ್ ಬರದು ಫೈಲಿನ್ಯಾಗ ಇಟ್ಟೀನಿ. ಗಿರಾಕಿಗೆ ಕಾಣಬೇಕು ಅಂದ್ರ ಅದೂ ಬೇಕೇನ್ರಿ?”

ಬೇಕಿತ್ತು. ಕ್ರೆಡಿಟ್ ನೋಟ್ ಕೂಡ ಅದೇ ರಿಟರ್ನ್‌ನಲ್ಲಿ ಹೋಗಬೇಕು. ಅದು ಬಿಟ್ಟುಹೋಗಿದ್ದರೆ ಆ ತಿಂಗಳು 7,200 ರೂಪಾಯಿ ತೆರಿಗೆ ಜಾಸ್ತಿ ಕಟ್ಟುತ್ತಿದ್ದೆವು. ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲದ ನಾನು ಅದನ್ನು ಹೇಗೆ ಕೇಳಲಿ? ಯಾಕೆ ಬೇಕು ಅಂತ ಹೇಳಿದ್ದಕ್ಕೆ, ಕೇಳದಿದ್ದದ್ದೂ ಬಂತು.

11ಕ್ಕೆ ಎರಡು ದಿನ ಮುಂಚೆಯೇ ಫೈಲ್ ಆಯಿತು. ಆಫೀಸ್ ಗ್ರೂಪಿನಲ್ಲಿ, ಬಾಸ್ ಓದುವ ಹಾಗೆ ಬರೆದೆ: “ಜೂನ್ ರಿಟರ್ನ್ ಹೋಯಿತು. ಹುಬ್ಬಳ್ಳಿ ಸರ್ 5ಕ್ಕೇ ವಿವರ ಕೊಟ್ಟಿದ್ದರು. ಹೋದ ತಿಂಗಳು ಬಿಟ್ಟುಹೋದ ಮೂರು ಬಿಲ್ಲು ಅವರ ತಪ್ಪಲ್ಲ, ನಾನು ಸರಿಯಾಗಿ ಕೇಳಿರಲಿಲ್ಲ, ಕೇಳದೆ ರದ್ದು ಅಂತ ಹಾಕಿದ್ದೆ.” ಕಳಿಸೋ ಬಟನ್ ಒತ್ತುವ ಮುಂಚೆ ಐದು ನಿಮಿಷ ಕೈ ಹಿಂದೆ ಮುಂದೆ ಮಾಡಿತು, ಸುಳ್ಳು ಹೇಳಲ್ಲ.

ಸ್ಟೋರ್ಸ್ ಸರ್ ಅದಕ್ಕೆ ಉತ್ತರ ಹಾಕಲಿಲ್ಲ. ಆಗಸ್ಟ್ 2ಕ್ಕೆ ಅವರಿಂದ ಒಂದು ಮೇಲ್ ಬಂತು. ಜುಲೈ ಪಟ್ಟಿ, ನನ್ನ ಶೀಟಿನದೇ ಕಾಲಂಗಳು, ಕೊನೆಯಲ್ಲಿ ರದ್ದಾದ ನಂಬರ್‌ಗಳು ಬೇರೆ. ನಾನಿನ್ನೂ ಕೇಳಿರಲೇ ಇಲ್ಲ.