ಕತ್ತರಿ ಯಾರ ಮೇಲೆ?

ಗೆಳೆಯರ ಮಗನೊಬ್ಬ ಜಾತ್ರೆಯ ಹಾಡುಗಳನ್ನು ಕುರಿತ ತನ್ನ ಪಿಎಚ್.ಡಿ. ಪ್ರಬಂಧವನ್ನು ಮೊನ್ನೆ ತಂದು ತೋರಿಸಿದ. ಕೃತಜ್ಞತೆಗೇ 4 ಪುಟ! ಅರ್ಧ ಪುಟಕ್ಕೆ ಇಳಿಸೆಂದು ಮಾರ್ಗದರ್ಶಕರು ಹೇಳಿದ್ದರು. ಇಳಿಸಿಯೂ ಇದ್ದ. ಕುಲಪತಿಗಳೂ ಕುಲಸಚಿವರೂ ಬಿರುದುಗಳ ಸಮೇತ ಉಳಿದಿದ್ದರು. ಹಾಡಿದ ಹೆಂಗಸರೂ ಡಿ.ಟಿ.ಪಿ. ಮಾಡಿದ ಹುಡುಗನೂ ಮಾಯವಾಗಿದ್ದರು.

"ಏನಪ್ಪಾ ಇದು?" ಎಂದೆ.

"ದೊಡ್ಡವರನ್ನು ಬಿಡಲಾಗುತ್ತದೆಯೇ, ಸಾರ್?"

ಇದು ಸಂಕ್ಷೇಪವಲ್ಲ, ಅನ್ಯಾಯ. ಕತ್ತರಿ ಬೀಳಬೇಕಾದದ್ದು ವಿಶೇಷಣಗಳ ಮೇಲೆ, ಜನರ ಮೇಲಲ್ಲ. "ಇವರಿಲ್ಲದಿದ್ದರೆ ಈ ಕೃತಿ ಹೊರಬರುತ್ತಿರಲಿಲ್ಲ" ಎಂಬ ಮಾತು ಆ 4 ಪುಟಗಳಲ್ಲಿ 7 ಸಲ ಬಂದಿತ್ತು. ಹೆಸರು ಬದಲಿಸಿದರೂ ಕೆಡದ ವಾಕ್ಯದಲ್ಲಿ ಕೃತಜ್ಞತೆ ಎಲ್ಲಿದೆ?

ನಾವಿಬ್ಬರೂ ಕುಳಿತು ಉಪಕಾರಿಗಳನ್ನು 6 ಗುಂಪು ಮಾಡಿದೆವು. ಗುಂಪಿಗೊಂದೇ ವಾಕ್ಯ, ಅದರಲ್ಲಿ ಮಾಡಿದ ಉಪಕಾರದ ಹೆಸರು. ಮೂರನೆಯ ಅಧ್ಯಾಯವನ್ನು ಎರಡು ಸಲ ತಿದ್ದಿಸಿದ ಮಾರ್ಗದರ್ಶಕರು, ಶಿಷ್ಯವೇತನವನ್ನೂ ರಜೆಯನ್ನೂ ಕೊಟ್ಟ ವಿಶ್ವವಿದ್ಯಾನಿಲಯ (ಕುಲಪತಿಗಳು ಇದರಲ್ಲೇ ಅಡಕ), ಹಳೆಯ ಸಂಚಿಕೆಗಳನ್ನು ಹುಡುಕಿಕೊಟ್ಟ ಗ್ರಂಥಾಲಯದವರು, ರಾತ್ರಿಯೆಲ್ಲ ಹಾಡಿದ 18 ಗಾಯಕಿಯರು, ಬೆರಳಚ್ಚಿನವನೂ ಕರಡು ತಿದ್ದಿದ ಗೆಳೆಯರೂ, ಕೊನೆಗೆ ಮನೆಯವರು. ಒಪ್ಪಿದ ಗಾಯಕಿಯರ ಹೆಸರು, ಊರುಗಳು ಅನುಬಂಧಕ್ಕೆ ಹೋದವು. ಅರ್ಧ ಪುಟದಲ್ಲಿ ಇನ್ನೂ ಎರಡು ಸಾಲು ಮಿಕ್ಕಿತು.

ದೊಡ್ಡವರು ಮುನಿದಾರೆಂಬ ಅಂಜಿಕೆ ಹುಡುಗನಿಗೆ ಇನ್ನೂ ಇದೆ. ಮುನಿಯಲಿ. ಅವರ ಹೆಸರು ಕಲ್ಲಿನ ಫಲಕದ ಮೇಲೂ ಇರುತ್ತದೆ. ಹಾಡಿದ ಅಜ್ಜಿಗೆ ಇರುವುದು ಇದೊಂದೇ ಪುಟ.