ಶುಭಾಶಯದ ಹಾಳೆಯಲ್ಲಿ ಎರಡು ಲೆಕ್ಕ

ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ಹಬ್ಬವಾಗಲಿ, ರಾಷ್ಟ್ರೀಯ ದಿನವಾಗಲಿ, ಹಿಂದಿನ ರಾತ್ರಿಯೇ ಕಾರ್ಯದರ್ಶಿಗಳು ಎಲ್ಲ ಮನೆಗಳ ಮೊಬೈಲಿಗೂ ಶುಭಾಶಯ ಸಂದೇಶ ಕಳಿಸುತ್ತಾರೆ. ಅದರ ಒಂದು ಪ್ರತಿ ಸಂಘದ ಕೊಠಡಿಯ ನೋಟೀಸ್ ಬೋರ್ಡಿಗೂ ಏರುತ್ತದೆ. ನೀರಿನ ಬಾಕಿ, ಬೀದಿದೀಪ, ಕಸದ ಗಾಡಿ ಎಂಬ ಸಂದೇಶಗಳ ನಡುವೆ ಜನ ಮುಖ ಅರಳಿಸಿ ಓದುವುದು ಇದೊಂದನ್ನೇ. ಆದರೆ 2025ರಲ್ಲಿ ಈ ಶುಭಾಶಯಗಳೇ ಎರಡು ಸಲ ನಮ್ಮನ್ನು ಪೇಚಿಗೆ ಸಿಕ್ಕಿಸಿದವು. ಒಮ್ಮೆ ದಿನದ ಲೆಕ್ಕ ತಪ್ಪಿತು, ಇನ್ನೊಮ್ಮೆ ವರ್ಷದ ಲೆಕ್ಕ. ಎರಡೂ ಶಾಲೆಯ ಮಕ್ಕಳಿಗೆ ಅರ್ಥವಾಗುವ ಲೆಕ್ಕಗಳೇ ಆದ್ದರಿಂದ ಈ ವಾರ ಅವನ್ನೇ ಬರೆಯುತ್ತಿದ್ದೇನೆ.

ಮೊದಲನೆಯದು ಮಾರ್ಚ್ 29, ಶನಿವಾರ ರಾತ್ರಿಯದು. ಮಾರನೆಯ ದಿನ ಯುಗಾದಿ. ಕಾರ್ಯದರ್ಶಿಗಳು ಸಂದೇಶ ಸಿದ್ಧಪಡಿಸುವ ಹೊತ್ತಿಗೆ ಸೌದಿ ಅರೇಬಿಯಾದಲ್ಲಿ ಚಂದ್ರದರ್ಶನವಾಯಿತು, ನಾಳೆ ಅಲ್ಲಿ ಈದ್ ಎಂಬ ಸುದ್ದಿ ಟಿ.ವಿ.ಯಲ್ಲಿ ಬಂತು. ಅವರು ಸಂತೋಷದಿಂದಲೇ ಒಂದು ಸಾಲು ಸೇರಿಸಿದರು: 'ನಾಳೆ ಯುಗಾದಿ ಹಾಗೂ ರಂಜಾನ್ ಹಬ್ಬ. ಸರ್ವರಿಗೂ ಶುಭಾಶಯಗಳು.'

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮುಸ್ಲಿಂ ಕುಟುಂಬವಿದೆ. ಭಾನುವಾರ ಅವರು ಎಂದಿನಂತೆ ಬೆಳಗಿನ ಜಾವ ಎದ್ದು ಸಹರಿ ಊಟ ಮುಗಿಸಿ ಉಪವಾಸ ಹಿಡಿದಿದ್ದರು. ಎಂಟು ಗಂಟೆಯಿಂದ ಫೋನುಗಳು ಶುರುವಾದವು. ಹತ್ತರ ಹೊತ್ತಿಗೆ ಮೂರು ಮನೆಯವರು ಒಬ್ಬಟ್ಟಿನ ತಟ್ಟೆ ಹಿಡಿದು ಹಬ್ಬದ ಶುಭಾಶಯ ಹೇಳಲು ಹೋದರು. ಮನೆಯಾಕೆ ಯಾರಿಗೂ ಬೇಸರವಾಗದಂತೆ ತಟ್ಟೆ ತೆಗೆದುಕೊಂಡು ಒಳಗಿಟ್ಟರು. ಆ ವರ್ಷ ಮೊದಲ ಬಾರಿಗೆ ಉಪವಾಸ ಹಿಡಿದಿದ್ದ ಅವರ ಮಗಳು ಮಾತ್ರ, 'ಅಮ್ಮಿ, ಇವತ್ತೇ ಹಬ್ಬ ಅಂತ ಎಲ್ಲರೂ ಹೇಳ್ತಾರಲ್ಲ, ನಾನ್ಯಾಕೆ ಊಟ ಮಾಡಬಾರದು?' ಎಂದು ಕಣ್ಣು ತುಂಬಿಕೊಂಡಳಂತೆ. ಸಂಜೆ ಇದು ತಿಳಿದಾಗ ಕಾರ್ಯದರ್ಶಿಗಳು ಬಹಳ ನೊಂದುಕೊಂಡರು. 'ಮೇಷ್ಟ್ರೇ, ಅಮಾವಾಸ್ಯೆ ಒಂದೇ, ಚಂದ್ರನೂ ಒಬ್ಬನೇ. ಯುಗಾದಿ ಇವತ್ತಾದರೆ ರಂಜಾನ್ ನಾಳೆ ಹೇಗೆ?' ಎಂದು ಕೇಳಿದರು.

ಪ್ರಶ್ನೆ ಸರಿಯಾಗಿಯೇ ಇತ್ತು. ಅಮಾವಾಸ್ಯೆ ಒಂದೇ, ಆದರೆ ಅದರ ನಂತರದ ದಿನವನ್ನು ಗುರುತಿಸುವ ಕ್ರಮಗಳು ಎರಡು.

ಸೂರ್ಯ ಮತ್ತು ಭೂಮಿಯ ನಡುವೆ ಚಂದ್ರ ಬರುವ ಕ್ಷಣಕ್ಕೆ ಅಮಾವಾಸ್ಯೆ ಮುಗಿಯುತ್ತದೆ. ಆ ಶನಿವಾರ ನಮ್ಮ ಗಡಿಯಾರದಲ್ಲಿ ಅದು ಸಂಜೆ ಸುಮಾರು ನಾಲ್ಕೂವರೆ ಗಂಟೆಗೆ ಆಯಿತು. ಅಂದೇ ಭೂಮಿಯ ಬೇರೆ ಭಾಗಗಳಲ್ಲಿ ಪಾರ್ಶ್ವ ಸೂರ್ಯಗ್ರಹಣವೂ ಕಂಡಿತು. ಆ ಕ್ಷಣದಿಂದ ಚಂದ್ರ ಸೂರ್ಯನಿಗಿಂತ ಪೂರ್ವಕ್ಕೆ ಸರಿಯುತ್ತ ಹೋಗುತ್ತಾನೆ. ಇಬ್ಬರ ನಡುವಿನ ಅಂತರ 12 ಡಿಗ್ರಿ ಆಗುವವರೆಗಿನ ಕಾಲವೇ ಪಾಡ್ಯ. ಪಂಚಾಂಗದವರು ಸೂರ್ಯೋದಯದಲ್ಲಿ ಯಾವ ತಿಥಿ ಇದೆ ಎಂದು ನೋಡುತ್ತಾರೆ. ಶನಿವಾರದ ಸೂರ್ಯೋದಯದಲ್ಲಿ ಇನ್ನೂ ಅಮಾವಾಸ್ಯೆ, ಭಾನುವಾರದ ಸೂರ್ಯೋದಯದಲ್ಲಿ ಚೈತ್ರ ಶುದ್ಧ ಪಾಡ್ಯ. ಆದ್ದರಿಂದ ಭಾನುವಾರ ಯುಗಾದಿ. ಇಲ್ಲಿ ಚಂದ್ರ ಕಣ್ಣಿಗೆ ಕಾಣಬೇಕೆಂಬ ನಿಯಮವಿಲ್ಲ. ಲೆಕ್ಕವೇ ಸಾಕು. ಅದಕ್ಕೇ ಯುಗಾದಿಯ ದಿನಾಂಕವನ್ನು ಒಂದು ವರ್ಷ ಮೊದಲೇ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಬಹುದು.

ಇಸ್ಲಾಮಿ ತಿಂಗಳು ಶುರುವಾಗುವುದು ಸೂರ್ಯಾಸ್ತದ ಬಳಿಕ, ಪಶ್ಚಿಮದಲ್ಲಿ ಎಳೆಯ ಚಂದ್ರ ಕಣ್ಣಿಗೆ ಕಂಡಾಗ. ಶನಿವಾರ ಬೆಂಗಳೂರಿನಲ್ಲಿ ಸೂರ್ಯ ಮುಳುಗಿದ್ದು ಸುಮಾರು ಆರೂವರೆಗೆ. ಆಗ ಹೊಸ ಚಂದ್ರನ ವಯಸ್ಸು ಬರೀ ಎರಡು ಗಂಟೆ. ಸೂರ್ಯನಿಂದ ಒಂದು ಡಿಗ್ರಿಗಿಂತ ತುಸು ಹೆಚ್ಚು ದೂರ, ಅಷ್ಟೆ. ಸೂರ್ಯನ ಹಿಂದೆಯೇ ಅವನೂ ಮುಳುಗಿಬಿಡುತ್ತಾನೆ. ಸಂಜೆಯ ಬೆಳಕಿನಲ್ಲಿ ಅಂಥ ಚಂದ್ರನನ್ನು ಇಲ್ಲಿ ಯಾರೂ ಕಾಣಲಾರರು. ಭಾನುವಾರ ಸಂಜೆಗೆ ಅವನ ವಯಸ್ಸು 26 ಗಂಟೆ, ಸೂರ್ಯನಿಂದ ದೂರ ಸುಮಾರು 15 ಡಿಗ್ರಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ ಆಗುತ್ತದೆ. ಅಂದರೆ ಒಂದೂವರೆ ಮುಷ್ಟಿಯಷ್ಟು ದೂರ. ಆಗ ತೆಳು ಗೆರೆ ಕಾಣುತ್ತದೆ, ಕಂಡಿತು ಕೂಡ. ಮಾರ್ಚ್ 2ರಂದು ಇಲ್ಲಿ ಆರಂಭವಾಗಿದ್ದ ಉಪವಾಸ ಭಾನುವಾರಕ್ಕೆ 29 ದಿನ ತುಂಬಿ ಮುಗಿಯಿತು. ಸೋಮವಾರ, ಮಾರ್ಚ್ 31ರಂದು ಈದ್ ಆಯಿತು. ಮೋಡ ಮುಚ್ಚಿ ಎಲ್ಲಿಯೂ ಚಂದ್ರ ಕಾಣದಿದ್ದರೆ 30 ದಿನ ಪೂರ್ಣ ಮಾಡಿ ಮಂಗಳವಾರ ಆಗುತ್ತಿತ್ತು.

ಹಾಗಾದರೆ ಶುಭಾಶಯ ಬರೆಯುವವರು ಏನು ಮಾಡಬೇಕು? ಯುಗಾದಿಗೆ ಪಂಚಾಂಗ ನೋಡಿದರೆ ಸಾಕು. ಈದ್‌ಗೆ ಕ್ಯಾಲೆಂಡರಿನ ಕೆಂಪು ಅಂಕಿಯನ್ನು ನಂಬಿ ಮೊದಲೇ ಬರೆದಿಡುವಂತಿಲ್ಲ, ಬೇರೆ ದೇಶದ ಸುದ್ದಿಯನ್ನೂ ನಂಬುವಂತಿಲ್ಲ. ನಮ್ಮ ರಾಜ್ಯದ ಚಂದ್ರದರ್ಶನ ಸಮಿತಿಯ ಪ್ರಕಟಣೆ ಬಂದ ಮೇಲೆಯೇ ಕಳಿಸಬೇಕು. ಅದಕ್ಕಿಂತ ಸುಲಭ ದಾರಿಯೆಂದರೆ ಬೀದಿಯ ಕೊನೆಯ ಆ ಮನೆಗೇ ಒಂದು ಫೋನು ಮಾಡಿ ಕೇಳುವುದು. ಶನಿವಾರ ರಾತ್ರಿ ಹಾಗೆ ಕೇಳಿದ್ದರೆ ಆ ಮಗು ಅಳುತ್ತಿರಲಿಲ್ಲ.

ಎರಡನೆಯ ಪೇಚು ಆಗಸ್ಟಿನದು. 'ನಮ್ಮ ನಾಡಿನ 78ನೆಯ ಸ್ವಾತಂತ್ರ್ಯ ದಿನಾಚರಣೆಯ ಶುಭಾಶಯಗಳು' ಎಂದು ಸಂದೇಶ ಬಂತು. ಅಂದು ಸಂಘದ ಧ್ವಜಾರೋಹಣದಲ್ಲಿ ಭಾಷಣ ಮಾಡಬೇಕಿದ್ದ ಏಳನೆಯ ತರಗತಿಯ ಹುಡುಗ ತನ್ನ ಕಾಗದದಲ್ಲಿ '79ನೆಯ' ಎಂದು ಬರೆದಿದ್ದ. ಅವನ ತಂದೆ, 'ದೊಡ್ಡವರು ಬರೆದಿದ್ದಾರೆ, ಸುಮ್ಮನೆ ತಿದ್ದಿಕೋ' ಎಂದರು. 2025ರಲ್ಲಿ 1947 ಕಳೆದರೆ 78 ತಾನೇ ಬರುವುದು ಎಂದು ಸಂಘದ ಹಿರಿಯರೂ ಹೇಳಿದರು. ಹುಡುಗನಿಗೆ ತನ್ನ ಶಾಲೆಯ ಗೋಡೆಯ ಮೇಲೆ 79 ಎಂದು ಕಂಡ ನೆನಪು ಮಾತ್ರ ಇತ್ತು, ಏಕೆ ಎಂಬುದು ಗೊತ್ತಿರಲಿಲ್ಲ. ಕಾಗದ ಹಿಡಿದು ನಮ್ಮ ಮನೆಗೆ ಬಂದ.

ನಾನು ಅವನನ್ನು ಕಾಂಪೌಂಡಿನ ಬಳಿ ಕರೆದುಕೊಂಡು ಹೋದೆ. ಅಲ್ಲಿ ತಂತಿಬೇಲಿಗೆ ನೆಟ್ಟ ಕಲ್ಲುಕಂಬಗಳಿವೆ. 'ಕಂಬ ಎಷ್ಟು?' ಎಂದೆ. 'ಆರು, ಸರ್.' 'ಕಂಬಗಳ ನಡುವಿನ ಜಾಗ ಎಷ್ಟು?' ಎಣಿಸಿ, 'ಐದು' ಎಂದ. ಒಂದು ಕ್ಷಣ ಸುಮ್ಮನಿದ್ದು ತಾನೇ ನಕ್ಕ.

ಪ್ರತಿ ಆಗಸ್ಟ್ 15 ಒಂದೊಂದು ಕಂಬ. ಒಂದು ಕಂಬದಿಂದ ಇನ್ನೊಂದಕ್ಕೆ ಒಂದು ವರ್ಷ. ಮೊದಲ ಕಂಬ ನೆಟ್ಟದ್ದು 1947ರ ಆಗಸ್ಟ್ 15ರಂದು. ಅದೇ ಮೊದಲನೆಯ ಸ್ವಾತಂತ್ರ್ಯ ದಿನ. 1948ರದು ಎರಡನೆಯದು, ಆದರೆ ಆಗ ತುಂಬಿದ್ದು ಒಂದೇ ವರ್ಷ. ಕಳೆಯುವ ಲೆಕ್ಕ ನಮಗೆ ವರ್ಷಗಳನ್ನು ಕೊಡುತ್ತದೆ, ದಿನಾಚರಣೆಗಳನ್ನಲ್ಲ. ಆದ್ದರಿಂದ 2025ರಲ್ಲಿ ಸ್ವಾತಂತ್ರ್ಯ ಬಂದು 78 ವರ್ಷ ತುಂಬಿತು, ಆಚರಿಸಿದ್ದು 79ನೆಯ ಸ್ವಾತಂತ್ರ್ಯ ದಿನ. ಹಿರಿಯರ ಕಳೆಯುವ ಲೆಕ್ಕ ಸರಿಯಾಗಿತ್ತು, ಅದರ ಪಕ್ಕದಲ್ಲಿಟ್ಟ ಮಾತು ತಪ್ಪಾಗಿತ್ತು. 2022ರಲ್ಲಿ ಅಮೃತ ಮಹೋತ್ಸವದ ಹೊತ್ತಿಗೂ ಇದೇ ಗೊಂದಲವಾಗಿತ್ತು. ಅಂದು ತುಂಬಿದ್ದು 75 ವರ್ಷ, ದಿನಾಚರಣೆ 76ನೆಯದು.

ಗಣರಾಜ್ಯೋತ್ಸವದ್ದೂ ಇದೇ ದಾರಿ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ರಂದು, ಜಾರಿಗೆ ಬಂದದ್ದು 1950ರ ಜನವರಿ 26ರಂದು. ಎಣಿಕೆ ಶುರುವಾಗುವುದು ಜಾರಿಗೆ ಬಂದ ದಿನದಿಂದ. ಆದ್ದರಿಂದ 2025ರ ಜನವರಿಯದು 76ನೆಯದು.

ಹುಡುಗ ಅಷ್ಟಕ್ಕೆ ಬಿಡಲಿಲ್ಲ. 'ಹಾಗಾದರೆ ಗಾಂಧಿ ಜಯಂತಿಗೂ ಒಂದು ಸೇರಿಸಬೇಕಾ, ಸರ್?' ಎಂದ. ಬೇಡ. ಗಾಂಧೀಜಿ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು. ಮಗು ಹುಟ್ಟಿದ ದಿನವನ್ನೇ ಅದರ ಮೊದಲ ಹುಟ್ಟುಹಬ್ಬ ಎಂದು ನಾವು ಕರೆಯುವುದಿಲ್ಲ, ಒಂದು ವರ್ಷ ತುಂಬಿದಾಗ ಮೊದಲನೆಯದು ಎನ್ನುತ್ತೇವೆ. ಆದ್ದರಿಂದ ಇಲ್ಲಿ ಬರೀ ಕಳೆದರೆ ಸಾಕು. 2019ರಲ್ಲಿ 150ನೆಯ ಜಯಂತಿ, 2025ರಲ್ಲಿ 156ನೆಯದು. ಆರಂಭದ ದಿನವನ್ನು ಎಣಿಕೆಗೆ ಸೇರಿಸುತ್ತೇವೆಯೇ ಇಲ್ಲವೇ ಎಂದು ಕೇಳಿಕೊಂಡರೆ ಒಂದು ಕೂಡಿಸಬೇಕೋ ಬೇಡವೋ ತಿಳಿಯುತ್ತದೆ.

ನವೆಂಬರ್ 1ರ ಶುಭಾಶಯದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಎಣಿಕೆಯ ಆರಂಭವೇ ಎರಡು. ಕನ್ನಡ ಮಾತಾಡುವ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯವಾದದ್ದು 1956ರಲ್ಲಿ. ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ. ಎರಡೂ ನವೆಂಬರ್ 1ರಂದೇ. ಹೀಗಾಗಿ 2023ರಲ್ಲಿ 68ನೆಯ ರಾಜ್ಯೋತ್ಸವವೂ ಹೌದು, ಹೆಸರಿಗೆ 50 ವರ್ಷ ತುಂಬಿದ್ದೂ ಹೌದು. ಅಂಕಿಯ ಜೊತೆಗೆ ಅದು ಯಾವುದರ ಅಂಕಿ ಎಂದು ಬರೆಯದಿದ್ದರೆ ಓದಿದ ಮಗು ನಾಡು ಒಂದಾದದ್ದೇ 1973ರಲ್ಲಿ ಎಂದುಕೊಳ್ಳುತ್ತದೆ.

ಅಂದು ರಾತ್ರಿ ಹುಡುಗನೂ ನಾನೂ ಕಾರ್ಯದರ್ಶಿಗಳ ಮನೆಗೆ ಹೋದೆವು. ಅವನೇ ಬೇಲಿಕಂಬದ ಲೆಕ್ಕ ಹೇಳಿದ. ಕಾರ್ಯದರ್ಶಿಗಳು ಬೆರಳು ಮಡಿಸಿ ಎಣಿಸಿ ನೋಡಿ, ಕನ್ನಡಕ ಹಾಕಿಕೊಂಡು ಹೊಸ ಸಂದೇಶ ಬರೆದರು: 'ಸಂಜೆಯ ಸಂದೇಶದಲ್ಲಿ 78ನೆಯ ಎಂದಿರುವುದು ತಪ್ಪು. ಸ್ವಾತಂತ್ರ್ಯ ಬಂದು 78 ವರ್ಷ ತುಂಬಿದೆ. ನಾಳೆ 79ನೆಯ ಸ್ವಾತಂತ್ರ್ಯ ದಿನ. ಬೆಳಿಗ್ಗೆ 8ಕ್ಕೆ ಧ್ವಜಾರೋಹಣ. ಎಲ್ಲ ಮನೆಯವರೂ ಬನ್ನಿ.' ತಿದ್ದುಪಡಿಯ ಸಂದೇಶ ಕಳಿಸಲು ಅವರು ಸಂಕೋಚಪಡಲಿಲ್ಲ. ಮರುದಿನ ಹುಡುಗ ತನ್ನ ಕಾಗದವನ್ನು ತಿದ್ದದೆ ಓದಿದ. ತಂದೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ವಿದ್ಯಾರ್ಥಿಗಳಿಗೆ ಈ ವಾರದ ಲೆಕ್ಕ: 2050ರ ಜನವರಿ 26ರಂದು ಆಚರಿಸುವುದು ಎಷ್ಟನೆಯ ಗಣರಾಜ್ಯೋತ್ಸವ? ಅಂದಿಗೆ ಎಷ್ಟು ವರ್ಷ ತುಂಬಿರುತ್ತದೆ? ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಬರೆದು ಅಪ್ಪನಿಗೋ ಅಮ್ಮನಿಗೋ ತೋರಿಸಿ. ಬರೀ ಅಂಕಿ ಬರೆದರೆ ಅರ್ಧ ಅಂಕ ಮಾತ್ರ.