ಲೆಕ್ಕದ ಮೂಲೆ: ಮರಳಿದ ಸರಕಿಗೆ ಎರಡು ಚೀಟಿ

ವ್ಯಾಪಾರದಲ್ಲಿ ಸರಕು ಹೋಗುವುದು ಎಷ್ಟು ಸಹಜವೋ, ಕೆಲವೊಮ್ಮೆ ಮರಳಿ ಬರುವುದೂ ಅಷ್ಟೇ ಸಹಜ. ಹೋದ ಸರಕಿಗೆ ಒಂದೇ ಬಿಲ್ಲು ಸಾಕು. ಮರಳಿದ ಸರಕಿಗೆ ಮಾತ್ರ ಡೆಬಿಟ್ ನೋಟು, ಕ್ರೆಡಿಟ್ ನೋಟು ಎಂಬ ಎರಡು ಚೀಟಿಗಳು ಏಕೆ? ಒಂದೇ ಸಂಗತಿಗೆ ಎರಡು ವಿರುದ್ಧ ಹೆಸರುಗಳೇಕೆ? ಕಚೇರಿಯಲ್ಲಿ ಲೆಕ್ಕದ ಕಾಗದಗಳ ನಡುವೆಯೇ ದಿನ ಕಳೆಯುವ ನಮಗೆ ಇದು ಅಭ್ಯಾಸವಾಗಿದೆಯಾದರೂ, ಹೊಸದಾಗಿ ಅಂಗಡಿ ಇಟ್ಟವರಿಗೆ ಗೊಂದಲವಾಗುವುದು ಸಹಜವೇ. ಒಂದು ಉದಾಹರಣೆಯಿಂದ ಇದನ್ನು ಬಿಡಿಸಿ ನೋಡೋಣ.

ಲಿಂಗಂಪಲ್ಲಿಯಲ್ಲಿ ಸಣ್ಣ ಸೀರೆ ಅಂಗಡಿ ಇಟ್ಟಿರುವ ಕನ್ನಡ ಗೃಹಿಣಿಯೊಬ್ಬರಿದ್ದಾರೆಂದು ಭಾವಿಸಿಕೊಳ್ಳಿ. ಅವರು ಜಿಎಸ್‌ಟಿಯಲ್ಲಿ ನೋಂದಾಯಿಸಿಕೊಂಡವರು. ಇಳಕಲ್ಲಿನ ಒಬ್ಬ ವ್ಯಾಪಾರಿಯಿಂದ 2025ರ ಆಗಸ್ಟ್ 4ರಂದು, ಒಂದಕ್ಕೆ 1,500 ರೂಪಾಯಿಯಂತೆ 20 ಸೀರೆಗಳನ್ನು ಉದ್ದರಿಯಾಗಿ ತರಿಸಿದರು. ಸೀರೆಗಳ ಬೆಲೆ 30,000. ಬೇರೆ ರಾಜ್ಯದ ಸರಕಾದುದರಿಂದ ಶೇಕಡಾ 5ರಂತೆ ಐಜಿಎಸ್‌ಟಿ 1,500. ಒಟ್ಟು ಬಿಲ್ಲು 31,500 ರೂಪಾಯಿ. ಗಂಟು ಬಿಚ್ಚಿ ನೋಡಲಾಗಿ ನಾಲ್ಕು ಸೀರೆಗಳಲ್ಲಿ ಸೆರಗನ್ನು ಒಡಲಿಗೆ ಸೇರಿಸುವ ಕೊಂಡಿ ಬಿಟ್ಟುಹೋಗಿತ್ತು. ಆ ನಾಲ್ಕನ್ನು ಅವರು ಹಿಂದಕ್ಕೆ ಕಳುಹಿಸಿದರು. ಅವುಗಳ ಬೆಲೆ 6,000, ತೆರಿಗೆ 300, ಕೂಡಿ 6,300.

ಮೊದಲು ಕೊಂಡವರ ಪುಸ್ತಕವನ್ನು ನೋಡೋಣ. ಅದರಲ್ಲಿ ಇಳಕಲ್ಲಿನ ವ್ಯಾಪಾರಿಯ ಹೆಸರಿನಲ್ಲಿ ಒಂದು ಖಾತೆಯಿದೆ. ಸರಕು ಬಂದ ದಿನ ಆ ಖಾತೆಗೆ 31,500 ಕ್ರೆಡಿಟ್ ಆಗಿದೆ, ಅಂದರೆ ಹಳೆಯ ಕಿರ್ದಿಯ ಮಾತಿನಲ್ಲಿ ಜಮಾ. ಏಕೆಂದರೆ ಅಷ್ಟನ್ನು ಅವರಿಗೆ ಕೊಡಬೇಕು. ನಾಲ್ಕು ಸೀರೆ ಹಿಂದೆ ಹೋದ ಮೇಲೆ ಕೊಡಬೇಕಾದದ್ದು ಕಡಿಮೆಯಾಯಿತು. ಕೊಡಬೇಕಾದದ್ದು ಕಡಿಮೆಯಾದರೆ ಆ ಖಾತೆಯನ್ನು ಡೆಬಿಟ್ ಮಾಡಬೇಕು. ಆದ್ದರಿಂದ ವ್ಯಾಪಾರಿಯ ಖಾತೆಗೆ 6,300 ಡೆಬಿಟ್. ಅದಕ್ಕೆ ಎದುರಾಗಿ ಖರೀದಿ ವಾಪಸಿ ಖಾತೆಗೆ 6,000 ಕ್ರೆಡಿಟ್, ಮೊದಲು ಹಿಡಿದುಕೊಂಡಿದ್ದ ಹೂಡುವಳಿ ತೆರಿಗೆ ಖಾತೆಗೆ 300 ಕ್ರೆಡಿಟ್. ಉಳಿದ ಬಾಕಿ 25,200. “ನಿಮ್ಮ ಖಾತೆಯನ್ನು ನಮ್ಮ ಪುಸ್ತಕದಲ್ಲಿ 6,300 ರೂಪಾಯಿಗೆ ಡೆಬಿಟ್ ಮಾಡಿದ್ದೇವೆ” ಎಂದು ಅವರು ವ್ಯಾಪಾರಿಗೆ ಬರೆದು ತಿಳಿಸುವ ಕಾಗದವೇ ಡೆಬಿಟ್ ನೋಟು.

ಈಗ ಇಳಕಲ್ಲಿಗೆ ಹೋಗೋಣ. ಅಲ್ಲಿನ ಪುಸ್ತಕದಲ್ಲಿ ಲಿಂಗಂಪಲ್ಲಿಯ ಅಂಗಡಿಯ ಖಾತೆಗೆ 31,500 ಡೆಬಿಟ್ ಆಗಿದೆ, ಅಷ್ಟು ಬರಬೇಕು. ಸೀರೆಗಳು ಮರಳಿ ಬಂದು, ದೋಷ ನಿಜವೆಂದು ಕಂಡ ಮೇಲೆ, ಅಂಗಡಿಯ ಖಾತೆಗೆ 6,300 ಕ್ರೆಡಿಟ್. ಎದುರಿಗೆ ಮಾರಾಟ ವಾಪಸಿಗೆ 6,000 ಡೆಬಿಟ್, ಸರ್ಕಾರಕ್ಕೆ ಸಲ್ಲಬೇಕಾದ ತೆರಿಗೆ ಖಾತೆಗೆ 300 ಡೆಬಿಟ್. “ನಿಮ್ಮ ಖಾತೆಗೆ 6,300 ಕ್ರೆಡಿಟ್ ಕೊಟ್ಟಿದ್ದೇವೆ” ಎಂದು ತಿಳಿಸುವ ಕಾಗದ ಕ್ರೆಡಿಟ್ ನೋಟು. ಹೀಗೆ ಹೆಸರು ಬೇರೆಯಾದದ್ದು ಬರೆಯುವವರ ಪುಸ್ತಕ ಬೇರೆಯಾದುದರಿಂದಲೇ ಹೊರತು, ಹಣ ಬೇರೆಯೆಂದಲ್ಲ. ಇದನ್ನು ಮರೆತವರು ಮಾಡುವ ಮೊದಲ ತಪ್ಪೆಂದರೆ, ತಾವು ಕಳುಹಿಸಿದ ಡೆಬಿಟ್ ನೋಟನ್ನು ಒಮ್ಮೆ ಬರೆದು, ಉತ್ತರವಾಗಿ ಬಂದ ಕ್ರೆಡಿಟ್ ನೋಟನ್ನು ಇನ್ನೊಮ್ಮೆ ಬರೆಯುವುದು. ಆಗ ಬಾಕಿ 25,200 ಆಗುವ ಬದಲು 18,900 ಆಗಿ ಕೂರುತ್ತದೆ. ಇಬ್ಬರ ಬಾಕಿಗಳ ವ್ಯತ್ಯಾಸ ಒಂದು ಚೀಟಿಯ ಮೊತ್ತಕ್ಕೆ ಸರಿಯಾಗಿ ಸಮವಾಗಿದ್ದರೆ, ಮೊದಲು ಸಂಶಯಪಡಬೇಕಾದದ್ದು ಇದನ್ನೇ. ಬಂದ ಕ್ರೆಡಿಟ್ ನೋಟನ್ನು ನಮ್ಮ ಡೆಬಿಟ್ ನೋಟಿನ ಪ್ರತಿಗೆ ಲಗತ್ತಿಸಿಡಬೇಕು. ಮತ್ತೆ ಖಾತೆಗೆ ಏರಿಸಬಾರದು.

ಎರಡು ಚೀಟಿಗಳಿಗೂ ಹಣ ಒಂದೇ ಆದರೂ ತೂಕ ಒಂದೇ ಅಲ್ಲ. ಡೆಬಿಟ್ ನೋಟು ಕೊಂಡವರ ಕೇಳಿಕೆ. ಕ್ರೆಡಿಟ್ ನೋಟು ಮಾರಿದವರ ಒಪ್ಪಿಗೆ. ಇಳಕಲ್ಲಿನವರು ಪರೀಕ್ಷಿಸಿ, “ಮೂರರಲ್ಲಿ ದೋಷವುಂಟು, ನಾಲ್ಕನೆಯದು ಸರಿಯಾಗಿಯೇ ಇದೆ” ಎಂದು 4,725 ರೂಪಾಯಿಗೆ ಮಾತ್ರ ಕ್ರೆಡಿಟ್ ನೋಟು ಕಳುಹಿಸಿದರೆನ್ನಿ. ಆಗ 1,575 ರೂಪಾಯಿ ಇಬ್ಬರ ನಡುವೆ ನೇತಾಡುತ್ತದೆ. ಅಂಗಡಿಯವರು ಅದನ್ನು ಒಪ್ಪಿದರೆ ತಮ್ಮ ನಮೂದನ್ನು ಅಷ್ಟರ ಮಟ್ಟಿಗೆ ತಿರುಗಿ ಬರೆದು ನಾಲ್ಕನೆಯ ಸೀರೆಯನ್ನು ಹಿಂದಕ್ಕೆ ತರಿಸಿಕೊಳ್ಳಬೇಕು. ಒಪ್ಪದಿದ್ದರೆ ಕೂಡಲೇ ಬರೆದು ಕೇಳಬೇಕು. ಸುಮ್ಮನಿದ್ದರೆ ವರ್ಷಾಂತ್ಯದಲ್ಲಿ ಅದು ಮನಸ್ತಾಪಕ್ಕೆ ಬೀಜವಾದೀತು. ದೋಷ ಕಂಡೊಡನೆ ತಿಳಿಸುವುದೂ ಅಷ್ಟೇ ಮುಖ್ಯ. ಸರಕನ್ನು ನಿರಾಕರಿಸುವ ಸೂಚನೆ ಕೊಡದೆ ಸಮಂಜಸವಾದ ಅವಧಿ ಮೀರಿ ಇಟ್ಟುಕೊಂಡರೆ, ಒಪ್ಪಿಕೊಂಡಂತೆಯೇ ಎಂದು 1930ರ ಸರಕು ಮಾರಾಟ ಕಾಯಿದೆಯ 42ನೆಯ ಕಲಮು ಹೇಳುತ್ತದೆ.

ತೆರಿಗೆಯ ವಿಷಯಕ್ಕೆ ಬಂದಾಗ ಈ ತೂಕದ ಭೇದ ಇನ್ನೂ ಸ್ಪಷ್ಟವಾಗುತ್ತದೆ. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 34ನೆಯ ಕಲಮಿನಂತೆ, ಸರಕು ಮರಳಿದಾಗ ಕ್ರೆಡಿಟ್ ನೋಟು ಕೊಡತಕ್ಕವರು ಮಾರಿದವರು. ಅದೇ ಕಲಮಿನಲ್ಲಿ ಡೆಬಿಟ್ ನೋಟಿನ ಮಾತೂ ಬರುತ್ತದೆ. ಆದರೆ ಅದು ಬೇರೆಯೇ: ಮೂಲ ಬಿಲ್ಲಿನಲ್ಲಿ ಬೆಲೆಯನ್ನೋ ತೆರಿಗೆಯನ್ನೋ ಕಡಿಮೆ ಹಾಕಿದ್ದಾಗ ಮಾರಿದವರೇ ಕೊಡುವಂಥದು. ಆದುದರಿಂದ ನಮ್ಮ ಗೃಹಿಣಿಯ ಡೆಬಿಟ್ ನೋಟು ಪರಸ್ಪರ ಲೆಕ್ಕಕ್ಕೆ ಒಳ್ಳೆಯ ಸಾಕ್ಷಿಯಾದರೂ, ಅದರ ಬಲದಿಂದ ಮಾರಿದವರ ತೆರಿಗೆ ಒಂದು ಪೈಸೆಯೂ ಇಳಿಯದು. ಮಾರಿದವರು ಕ್ರೆಡಿಟ್ ನೋಟು ಮಾಡಿ, ತಮ್ಮ GSTR-1 ಲೆಕ್ಕಪತ್ರದಲ್ಲಿ ತೋರಿಸಿದ ಮೇಲೆಯೇ ಅದು ಕೊಂಡವರ GSTR-2B ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂಗಡಿಯವರು ತಾವೇ ಮುಂದಾಗಿ ಒಂದು ತಿಂಗಳು 300 ರೂಪಾಯಿ ತೆರಿಗೆ ಹಿಡಿತವನ್ನು ಬಿಟ್ಟುಕೊಟ್ಟು, ಮುಂದೆ ಚೀಟಿ ಪಟ್ಟಿಯಲ್ಲಿ ಕಂಡಾಗ ಮತ್ತೆ ಬಿಟ್ಟರೆ, ಒಂದೇ ಸೀರೆಗೆ ಎರಡು ಸಾರಿ ತೆರಿಗೆ ತೆತ್ತಂತಾಗುತ್ತದೆ. ಪುಸ್ತಕದ ತೆರಿಗೆ ಖಾತೆಯನ್ನು ಆ ಪಟ್ಟಿಯೊಡನೆ ತಿಂಗಳಿಗೊಮ್ಮೆ ತಾಳೆ ನೋಡಿದರೆ ಇದು ಸಿಕ್ಕಿಬೀಳುತ್ತದೆ.

ಇತ್ತ ಮಾರಿದವರ ಕೈಯೂ ಕಟ್ಟಿದೆ. ಕೊಂಡವರು ತಾವು ಹಿಡಿದುಕೊಂಡಿದ್ದ 300 ರೂಪಾಯಿಯನ್ನು ಬಿಟ್ಟುಕೊಟ್ಟಿರದಿದ್ದರೆ, ಮಾರಿದವರು ತಮ್ಮ ತೆರಿಗೆಯಲ್ಲಿ ಅಷ್ಟನ್ನು ಕಳೆದುಕೊಳ್ಳುವಂತಿಲ್ಲವೆಂದು 2025ರ ಹಣಕಾಸು ಕಾಯಿದೆಯು ಆ ಕಲಮಿಗೆ ಸೇರಿಸಿದೆ. ಕಾಲಮಿತಿಯೂ ಉಂಟು. ಮಾರಾಟವಾದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರೊಳಗೆ, ಅಥವಾ ಅದಕ್ಕೂ ಮೊದಲೇ ವಾರ್ಷಿಕ ಲೆಕ್ಕಪತ್ರ ಸಲ್ಲಿಸಿದ್ದರೆ ಆ ದಿನದೊಳಗೆ, ಚೀಟಿಯನ್ನು ತೋರಿಸಿಬಿಡಬೇಕು. ನಮ್ಮ ಉದಾಹರಣೆಯ ಬಿಲ್ಲು 2025ರ ಆಗಸ್ಟಿನದು. ಆದ್ದರಿಂದ ಗಡುವು ಹೆಚ್ಚೆಂದರೆ 2026ರ ನವೆಂಬರ್ 30. ಅನಂತರ 6,000 ರೂಪಾಯಿಯ ಲೆಕ್ಕವನ್ನು ತಮ್ಮೊಳಗೆ ಸರಿಪಡಿಸಿಕೊಂಡರೂ, ಮಾರಿದವರಿಗೆ 300 ರೂಪಾಯಿ ತೆರಿಗೆ ಇಳಿಯದು.

ಮಾರ್ಚ್ 31ಕ್ಕೆ ಇಬ್ಬರೂ ಖಾತೆಯ ಪ್ರತಿ ಬದಲಾಯಿಸಿಕೊಂಡಾಗ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ. ಮಾರ್ಚ್ 29ಕ್ಕೆ ಇಲ್ಲಿಂದ ಸರಕು ಹೊರಟು, ಏಪ್ರಿಲ್ 2ಕ್ಕೆ ಅಲ್ಲಿ ತಲುಪಿದ್ದರೆ, ನಮ್ಮ ಡೆಬಿಟ್ ಈ ವರ್ಷದ್ದು, ಅವರ ಕ್ರೆಡಿಟ್ ಮುಂದಿನ ವರ್ಷದ್ದು. ಇದು ತಪ್ಪಲ್ಲ, ದಾರಿಯಲ್ಲಿದ್ದ ಸರಕಿನ ಲೆಕ್ಕ. ಅಂಥದನ್ನು ತಾರೀಖಿನೊಂದಿಗೆ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಏಪ್ರಿಲ್ ಕೊನೆಗೆ ತೀರಿತೇ ಎಂದು ನೋಡಿದರೆ ಸಾಕು. ಆಗಲೂ ತೀರದೆ ಉಳಿದದ್ದರ ಬಗ್ಗೆ ಮಾತ್ರ ಇಳಕಲ್ಲಿಗೆ ಕಾಗದ ಬರೆಯಬೇಕು. ಅದರಲ್ಲಿ ಡೆಬಿಟ್ ನೋಟಿನ ನಂಬರು, ಮೂಲ ಬಿಲ್ಲಿನ ನಂಬರು, ಸರಕು ಕಳುಹಿಸಿದ ಲಾರಿ ರಸೀದಿಯ ನಂಬರು ಈ ಮೂರೂ ಇದ್ದರೆ, ಅಲ್ಲಿನ ಗುಮಾಸ್ತರಿಗೆ ಹುಡುಕುವ ತೊಂದರೆ ತಪ್ಪುತ್ತದೆ. ಇಲ್ಲಿಯವರಿಗೆ ಉತ್ತರವೂ ಬೇಗ ಬರುತ್ತದೆ.